ಲಾಟ್ ಒಪ್ಪಿಕೊಳ್ಳುವ ಮೊದಲೇ ಲೆಕ್ಕ: ಬಳ್ಳಾರಿಯ ಜೀನ್ಸ್ ಜಾಬ್ ವರ್ಕ್ ಯೂನಿಟ್‌ಗಳಿಗೆ ಐದು ವಾರದ ಆನ್‌ಲೈನ್ ಕೋರ್ಸ್

ಪಾರ್ಟಿ ಫೋನ್ ಮಾಡಿ "600 ಪೀಸ್ ಇದೆ, 70 ರೂಪಾಯಿ ಕೊಡ್ತೀನಿ, ತಗೋತೀರಾ?" ಅಂತಾರೆ. ನೀವು ಎರಡು ಸೆಕೆಂಡ್ ಯೋಚಿಸಿ "ಹ್ಞೂಂ, ಕಳಿಸಿ" ಅಂತೀರಿ. ಮಷೀನು ಸುಮ್ನೆ ನಿಂತಿರೋದಕ್ಕಿಂತ ಇದೇ ವಾಸಿ ಅಲ್ವಾ?

ಆ ಎರಡು ಸೆಕೆಂಡಿನ ಜಾಗದಲ್ಲಿ ಹದಿನೈದು ನಿಮಿಷ ಕೂತು, 70ಕ್ಕೆ ಹೊಲಿದರೆ ಕೈಗೆ ಎಷ್ಟು ಉಳಿಯುತ್ತೆ ಅಂತ ಪೈಸೆ ಸಮೇತ ಹೇಳುವುದನ್ನು ಈ ಕೋರ್ಸ್ ಕಲಿಸುತ್ತದೆ.

ಯಾರಿಗೆ

ಕೌಲ್ ಬಜಾರ್ ಇರಲಿ, ಊರಿನ ಬೇರೆ ಯಾವ ಗಲ್ಲಿಯೇ ಇರಲಿ, ನಾಲ್ಕರಿಂದ ಇಪ್ಪತ್ತು ಮಷೀನ್ ಹಾಕಿಕೊಂಡು, ಪಾರ್ಟಿಯಿಂದ ಕಟಿಂಗ್ ಆದ ಪೀಸ್ ತಂದು ಹೊಲಿದುಕೊಡುವವರಿಗೆ. ಮನೆಯ ಮುಂದಿನ ಕೋಣೆಯಲ್ಲೇ ಯೂನಿಟ್ ಇದ್ದರೂ ಸರಿ. ಯಜಮಾನರು ಲಾಟ್ ತರುತ್ತಾರೆ, ಕೂಲಿ ಬಟವಾಡೆ, ದಾರದ ಅಂಗಡಿ ಬಾಕಿ ಎಲ್ಲ ಮನೆಯ ಹೆಣ್ಣುಮಕ್ಕಳ ತಲೆ ಮೇಲೆ, ಅಂಥ ಮನೆಗಳು ನಮ್ಮೂರಲ್ಲಿ ಬಹಳ. ಆ ಹೆಣ್ಣುಮಕ್ಕಳೇ ಕ್ಲಾಸಿಗೆ ಕೂತರೆ ಇನ್ನೂ ಒಳ್ಳೆಯದು.

ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತೇನಿಲ್ಲ. ಕೂಡಿಸು, ಕಳೆ, ಭಾಗಿಸು ಬಂದರೆ ಸಾಕು, ಅದನ್ನೂ ಫೋನೇ ಮಾಡಿಕೊಡುತ್ತದೆ.

ಹೊಲಿಗೆ ಕಲಿಯಬೇಕು ಅನ್ನುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ನಿಮ್ಮದೇ ಬ್ರ್ಯಾಂಡ್ ಇದ್ದು, ಬಟ್ಟೆ ನೀವೇ ಕೊಂಡು, ಅಂಗಡಿಗಳಿಗೆ ಮಾಲು ಹಾಕುತ್ತೀರಿ ಅಂದರೆ ನಿಮ್ಮ ಲೆಕ್ಕದ ದಾರಿಯೇ ಬೇರೆ. ಸಂಬಳಕ್ಕೆ ಅಕೌಂಟೆಂಟ್ ಇಟ್ಟಿರುವ ಫ್ಯಾಕ್ಟರಿಯವರು 1,800 ರೂಪಾಯಿ ಉಳಿಸಿಕೊಳ್ಳಿ.

ಈ ಪುಟ ಮತ್ತೆ ಬರೆದದ್ದು ಯಾಕೆ

ಹೋದ ಬ್ಯಾಚಿನವರೆಗೂ ಇಲ್ಲಿ ಹತ್ತು ಮಾಡ್ಯೂಲ್‌ಗಳ ಹೆಸರು ಇತ್ತು, ಅಷ್ಟೇ. "ಮಾಡ್ಯೂಲ್ 1: ಕಾಸ್ಟಿಂಗ್ ಪರಿಚಯ. ಮಾಡ್ಯೂಲ್ 2: ಫಿಕ್ಸೆಡ್ ಮತ್ತು ವೇರಿಯಬಲ್ ಕಾಸ್ಟ್. ಮಾಡ್ಯೂಲ್ 3: ಓವರ್‌ಹೆಡ್ ಹಂಚಿಕೆ." ಬರೆದಾಗ ನನಗೇ ಬಹಳ ದೊಡ್ಡ ಕೆಲಸ ಅನ್ನಿಸಿತ್ತು. ಒಬ್ಬ ಅಕ್ಕ ಫೋನ್ ಮಾಡಿ ಕೇಳಿದರು: "ಸರ್, ಇದು ಎಂಬಿಎ ಓದಿದೋರಿಗಾ, ನಮ್ಮಂಥೋರಿಗಾ?" ಅವರಿಗೆ ಏಳು ಮಷೀನಿನ ಯೂನಿಟ್ ಇದೆ. ಕೋರ್ಸ್ ಮಾಡಿದ್ದೇ ಅಂಥವರಿಗೆ. ಪುಟ ಓದಿ ಅವರಿಗೇ ಗೊತ್ತಾಗಲಿಲ್ಲ ಅಂದಮೇಲೆ ತಪ್ಪು ನನ್ನದೇ. ಪಾಠ ಅವೇ ಇವೆ. ಅದರಿಂದ ನಿಮಗೇನು ಅನ್ನುವುದನ್ನು ಈಗ ಬಿಡಿಸಿ ಬರೆದಿದ್ದೇನೆ.

ಒಂದು ಲಾಟ್ ಬಿಚ್ಚಿ ನೋಡೋಣ

ಮೊದಲ ಕ್ಲಾಸಿನಲ್ಲಿ ಮಾಡುವ ಲೆಕ್ಕವನ್ನು ಇಲ್ಲೇ ಕೊಡುತ್ತೇನೆ. ಎಂಟು ಮಷೀನಿನ ಯೂನಿಟ್, 600 ಪ್ಯಾಂಟ್, 70 ರೂಪಾಯಿ ರೇಟು, ಆರು ದಿನದ ಕೆಲಸ. ಅಂಕಿಗಳು ಉದಾಹರಣೆಗೆ. ನಿಮ್ಮವು ಬೇರೆ ಇರುತ್ತವೆ.

ಬರುವ ದುಡ್ಡು 42,000.

ಟೈಲರ್‌ಗಳ ಪೀಸ್ ರೇಟು 46, ಹೊರಗೆ ಮಾಡಿಸುವ ಕಾಜಾ ಮತ್ತು ಬಾರ್‌ಟ್ಯಾಕ್ 5, ದಾರ, ಸೂಜಿ, ಎಣ್ಣೆ 4, ದಾರ ಕತ್ತರಿಸುವ ಹೆಲ್ಪರ್ 3. ಪೀಸಿಗೆ 58 ಆಯಿತು. 600ಕ್ಕೆ 34,800.

ಬಹಳ ಜನ ಲೆಕ್ಕ ನಿಲ್ಲಿಸುವುದು ಇಲ್ಲೇ. 7,200 ಉಳಿಯಿತು, ಆರು ದಿನಕ್ಕೆ ಪರವಾಗಿಲ್ಲ ಅಂತ ಮುಂದಿನ ಲಾಟ್ ಹಿಡಿಯುತ್ತಾರೆ.

ಈಗ ಬಾಡಿಗೆ 8,000, ಕರೆಂಟ್ 5,500, ಮಷೀನ್ ರಿಪೇರಿ 1,500, ಚಹಾ ಮತ್ತು ಆಟೋ 600. ತಿಂಗಳಿಗೆ 15,600. ಕೆಲಸದ ದಿನ 26 ಅಂತ ಹಿಡಿದರೆ ದಿನಕ್ಕೆ 600. ಆರು ದಿನಕ್ಕೆ 3,600 ಹೋಯಿತು, ಉಳಿದದ್ದು 3,600.

ನಿಮ್ಮ ಕೂಲಿ? ಬೆಳಿಗ್ಗೆ ಶಟರ್ ಎತ್ತುವವರೂ ನೀವೇ, ರಾತ್ರಿ ಬಂಡಲ್ ಕಟ್ಟುವವರೂ ನೀವೇ. ಬೇರೆಯವರ ಹತ್ತಿರ ದುಡಿದಿದ್ದರೆ ದಿನಕ್ಕೆ 500 ಅಂತೂ ಕೊಡುತ್ತಿದ್ದರು. ಆರು ದಿನಕ್ಕೆ 3,000. ಉಳಿದದ್ದು 600.

ಆಮೇಲೆ ಪಾರ್ಟಿ ಕಡೆಯಿಂದ ಚೀಟಿ ಬರುತ್ತದೆ: 14 ಪೀಸ್ ಡ್ಯಾಮೇಜು, ಪೀಸಿಗೆ 220ರಂತೆ ಕಟ್. 3,080 ಹೋಯಿತು.

ನಿಮ್ಮ ಕೂಲಿಯನ್ನೂ ಹಿಡಿದರೆ ಲಾಟ್ ಮುಗಿದಾಗ ನಿಮಗೆ ಬಿದ್ದ ನಷ್ಟ 2,480 ರೂಪಾಯಿ. ಕರೆಂಟ್ ಹೋಗಿ ಕೆಲಸ ಏಳನೇ ದಿನಕ್ಕೆ ಎಳೆದರೆ ದಿನದ ಖರ್ಚು 600, ನಿಮ್ಮ ಕೂಲಿ 500, ಇನ್ನೊಂದು 1,100 ಸೇರಿತು.

ಇದನ್ನು ಕಾಗದದ ಮೇಲೆ ಮಾಡಬೇಕಿಲ್ಲ. ಫೋನಿನ ಗೂಗಲ್ ಶೀಟ್‌ನಲ್ಲಿ B1 ಮನೆಗೆ ಪೀಸ್ 600, ಅದರ ಕೆಳಗೆ ಒಂದರ ಕೆಳಗೊಂದು ಇಡೀ ಲಾಟಿನ ಪೀಸ್ ಖರ್ಚು 34,800, ಆರು ದಿನದ ಖರ್ಚು 3,600, ನಿಮ್ಮ ಕೂಲಿ 3,000, ಡ್ಯಾಮೇಜು 3,080 ಹಾಕಿದರೆ ಟೈಪ್ ಮಾಡುವುದು ಇಷ್ಟೇ:

```
=(B2+B3+B4+B5)/B1
```

ಉತ್ತರ 74.13. ಅಂದರೆ ಈ ಲಾಟಿಗೆ 74 ರೂಪಾಯಿ 13 ಪೈಸೆ ಬಂದರೆ ಅಸಲು. ಪಾರ್ಟಿ ಹೇಳಿದ್ದು 70. ಮುಂದಿನ ಸಲ ಫೋನ್ ಬಂದಾಗ "ಸ್ವಲ್ಪ ಜಾಸ್ತಿ ಮಾಡಿ ಅಣ್ಣ" ಅಂತ ಗೋಗರೆಯುವ ಬದಲು "78 ಆದರೆ ಆಗುತ್ತೆ, ಇಲ್ಲಾಂದ್ರೆ ಡ್ಯಾಮೇಜಿಗೆ ಒಂದು ಮಿತಿ ಹಾಕಿ" ಅಂತ ಮಾತಾಡಬಹುದು.

ಐದು ವಾರ ಆದಮೇಲೆ ನಿಮ್ಮ ಕೈಯಲ್ಲಿ ಏನಿರುತ್ತೆ

ನಿಮ್ಮ ಯೂನಿಟ್ಟಿನದೇ ಅಂಕಿ ತುಂಬಿದ ರೇಟ್ ಶೀಟ್. ಯಾವ ಲಾಟ್ ಬಂದರೂ ಪೀಸ್ ಸಂಖ್ಯೆ, ದಿನ, ಕೂಲಿ ಬದಲಾಯಿಸಿದರೆ ಅಸಲು ರೇಟು ಬರುತ್ತದೆ. ಐದು ಪಾಕೆಟ್ ಜೀನ್ಸ್‌ಗೆ ಒಂದು, ಕಾರ್ಗೋಗೆ ಇನ್ನೊಂದು. ಕಾರ್ಗೋಗೆ ಪಾಕೆಟ್ ಜಾಸ್ತಿ, ಕೂಲಿ ಜಾಸ್ತಿ. ಜೀನ್ಸ್ ರೇಟಿಗೇ ಅದನ್ನೂ ಒಪ್ಪಿಕೊಂಡು ಮೈಮೇಲೆ ಎಳೆದುಕೊಳ್ಳುವವರು ಎಷ್ಟೋ ಜನ.

ಎರಡನೆಯದು, ಒಳಬಂದ ಪೀಸ್ ಮತ್ತು ಹೊರಹೋದ ಪೀಸಿನ ಚಲನ್ ಪುಸ್ತಕ. ತಂದ ದಿನವೇ ಬಂಡಲ್ ಎಣಿಸಿ, ಕಟಿಂಗ್‌ನಲ್ಲೇ ಇದ್ದ ತಪ್ಪಿನ ಫೋಟೋ ತೆಗೆದು, ಪಾರ್ಟಿಗೆ ಅವತ್ತೇ ವಾಟ್ಸಾಪ್ ಹಾಕುವ ಅಭ್ಯಾಸ. ಹೊಲಿಗೆಯವರ ಡ್ಯಾಮೇಜು ಯಾವುದು, ಕಟಿಂಗ್‌ನದು ಯಾವುದು, ವಾಶಿಂಗ್‌ನದು ಯಾವುದು ಅಂತ ಬರೆದಿಟ್ಟವರ ಹತ್ತಿರ ವಾದ ಬೇಗ ಮುಗಿಯುತ್ತದೆ. ಇದಕ್ಕೇ ಎರಡು ಕ್ಲಾಸು ಇಟ್ಟಿದ್ದೇನೆ. ಇಡೀ ಕೋರ್ಸಿನಲ್ಲಿ ದುಡ್ಡು ವಾಪಸ್ ತಂದುಕೊಡುವ ಭಾಗ ಇದು ಅಂತ ನನ್ನ ಅನಿಸಿಕೆ.

ಮೂರನೆಯದು ಬಾಕಿ ವಸೂಲಿ. ಪಾರ್ಟಿ ಎಪ್ಪತ್ತು ದಿನ ಎಳೆಯುವುದು ನಮಗೆಲ್ಲ ಮಾಮೂಲಿ ಆಗಿಬಿಟ್ಟಿದೆ. ಆದರೆ 2006ರ ಎಂಎಸ್‌ಎಂಇ ಕಾಯ್ದೆ ಬೇರೆಯೇ ಹೇಳುತ್ತದೆ. ಉದ್ಯಮ್ ನೋಂದಣಿ ಇರುವ ಸಣ್ಣ ಯೂನಿಟ್ಟಿಗೆ, ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಜಾಸ್ತಿ ಅಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ. ಕೊಡದೇ ಉಳಿಸಿಕೊಂಡ ದುಡ್ಡನ್ನು ಪಾರ್ಟಿ ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು. ಉದ್ಯಮ್ ನೋಂದಣಿಗೆ ಸರ್ಕಾರದ ಫೀಸ್ ಒಂದು ಪೈಸೆಯೂ ಇಲ್ಲ. ಕ್ಲಾಸಿನಲ್ಲೇ ಕೂತು, ನಿಮ್ಮ ಫೋನಿನಲ್ಲೇ ಮಾಡಿ ಮುಗಿಸುತ್ತೇವೆ.

"ಕಾಯ್ದೆ ಮಾತಾಡಿದರೆ ಪಾರ್ಟಿ ಕೈಬಿಡುತ್ತಾರೆ ಸರ್" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ಅವರು ಹೇಳುವುದರಲ್ಲಿ ಸತ್ಯ ಇದೆ. ಅದಕ್ಕೇ ನೋಟಿಸ್ ಕಳಿಸುವುದನ್ನು ನಾನು ಹೇಳಿಕೊಡುವುದಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು ಹಣ ಕೊಡಬೇಕಾದ ತಾರೀಖು ಬರೆಯುವುದು, 30ನೇ ದಿನಕ್ಕೆ ಒಂದು ಮೆತ್ತಗಿನ ಮೆಸೇಜ್, 40ನೇ ದಿನಕ್ಕೆ ಇನ್ನೊಂದು. ಆ ಎರಡೂ ಮೆಸೇಜನ್ನು ಕನ್ನಡ, ಹಿಂದಿ, ತೆಲುಗಿನಲ್ಲಿ ಬರೆದು ಕೊಡುತ್ತೇನೆ.

ಜಿಎಸ್‌ಟಿಗೆ ಒಂದೇ ಕ್ಲಾಸು. ಬಟ್ಟೆಯ ಜಾಬ್ ವರ್ಕಿಗೆ ದರ 5 ಪರ್ಸೆಂಟ್, ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ನೋಂದಣಿ ಕಡ್ಡಾಯ ಇಲ್ಲ. ನಾವು ಚಿಕ್ಕವರು, ನಮಗೆಲ್ಲಿ ಬರುತ್ತೆ ಅನ್ನಬೇಡಿ. ಮೇಲಿನಂಥ 42,000ದ ಲಾಟು ವಾರಕ್ಕೊಂದರಂತೆ ವರ್ಷವಿಡೀ ಹೊಲಿದರೆ 21 ಲಕ್ಷದ 84 ಸಾವಿರ.

ಹೇಳಿಕೊಡುವವನು

ನಾನು ಹನ್ನೊಂದು ವರ್ಷ ಜೀನ್ಸ್ ಯೂನಿಟ್‌ಗಳಲ್ಲಿ ಲೆಕ್ಕ ಬರೆದವನು. ನಡುವೆ ನನ್ನದೇ ಆರು ಮಷೀನ್ ಹಾಕಿ, ಎರಡು ವರ್ಷಕ್ಕೆ ಮಾರಿದೆ. ಕೆಲಸ ಕಮ್ಮಿ ಇರಲಿಲ್ಲ. ದಸರಾ, ದೀಪಾವಳಿ ಮುಂದೆ ರಾತ್ರಿ ಹನ್ನೊಂದರವರೆಗೂ ಮಷೀನ್ ಓಡುತ್ತಿತ್ತು. ಬೇರೆಯವರ ಲೆಕ್ಕ ಬರೆದವನು ನನ್ನ ಕೂಲಿಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಡ್ಯಾಮೇಜಿನ ಚೀಟಿಗಳನ್ನು ಒಂದು ಕ್ಯಾರಿಬ್ಯಾಗಿನಲ್ಲಿ ತುರುಕಿಟ್ಟಿದ್ದೆ. ಮಷೀನ್ ಮಾರಿದ ಮೇಲೆ ಅವನ್ನು ಕೂಡಿಸಿ ನೋಡಿದೆ. ಎರಡು ಮಷೀನಿನ ದುಡ್ಡು ಅದರಲ್ಲೇ ಹೋಗಿತ್ತು.

ಕ್ಲಾಸ್ ಹೇಗೆ ನಡೆಯುತ್ತೆ

ಮಂಗಳವಾರ ಮತ್ತು ಶುಕ್ರವಾರ ರಾತ್ರಿ 9.15ಕ್ಕೆ, ಮಷೀನ್ ನಿಂತ ಮೇಲೆ. 45 ನಿಮಿಷ, ಒಟ್ಟು ಹತ್ತು ಕ್ಲಾಸು. ಮಾಮೂಲಿ ಸ್ಮಾರ್ಟ್‌ಫೋನ್ ಸಾಕು, ಲ್ಯಾಪ್‌ಟಾಪ್ ಬೇಡ. ಕರೆಂಟ್ ಹೋಯಿತು, ಲೋಡಿಂಗ್ ಇತ್ತು ಅಂದರೆ ರೆಕಾರ್ಡಿಂಗ್ ಮಾರನೇ ದಿನ ಗ್ರೂಪಿಗೆ ಬರುತ್ತದೆ, ಆರು ತಿಂಗಳು ನೋಡಬಹುದು. ಪಾಠ ಕನ್ನಡದಲ್ಲಿ. ಡೌಟು ತೆಲುಗಿನಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಪ್ರತಿ ವಾರ ಒಂದು ಮನೆಕೆಲಸ ಇರುತ್ತದೆ: ಆ ವಾರ ನೀವು ನಿಜವಾಗಿ ಹೊಲಿದ ಲಾಟನ್ನೇ ಶೀಟಿಗೆ ಹಾಕಬೇಕು. ಹಾಕಿದ್ದನ್ನು ನಾನೊಬ್ಬನೇ ನೋಡುತ್ತೇನೆ. ನಿಮ್ಮ ರೇಟು ಪಕ್ಕದ ಯೂನಿಟ್ಟಿನವರಿಗೆ ಕಾಣಬಾರದು ಅನ್ನುವ ಕಾಳಜಿ ನನಗೂ ಗೊತ್ತು. ಮನೆಕೆಲಸ ಮಾಡದೆ ಬರೀ ಕೇಳಿಸಿಕೊಂಡು ಹೋಗುವವರಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ರೇಟು ಜಾಸ್ತಿ ಕೊಡಿಸುತ್ತೇನೆ ಅಂತಲೂ ಭಾಷೆ ಕೊಡಲಾರೆ. ಕೆಲವರು ಲೆಕ್ಕ ಮಾಡಿ ನೋಡಿ ಒಂದು ಪಾರ್ಟಿಯನ್ನೇ ಬಿಡಬೇಕಾಗುತ್ತದೆ.

ಫೀಸು

ಒಬ್ಬರಿಗೆ 1,800 ರೂಪಾಯಿ. ಒಂದೇ ಯೂನಿಟ್ಟಿನಿಂದ ಗಂಡ ಹೆಂಡತಿಯೋ, ಅಪ್ಪ ಮಗಳೋ ಇಬ್ಬರು ಕೂತರೂ ಅಷ್ಟೇ. ಎರಡು ಕಂತಿನಲ್ಲಿ ಕೊಡಬಹುದು: ಈಗ 900, ಐದನೇ ಕ್ಲಾಸಿಗೆ 900. ಮೊದಲ ಎರಡು ಕ್ಲಾಸು ಕೂತು ನೋಡಿ. ಇದು ನಮಗೆ ಆಗಲ್ಲ ಅನ್ನಿಸಿದರೆ ಜೂನ್ 7ರೊಳಗೆ ಒಂದು ಮೆಸೇಜ್ ಹಾಕಿ, ಕಾರಣ ಹೇಳಬೇಕಿಲ್ಲ, ಕೊಟ್ಟದ್ದು ಪೂರ್ತಿ ವಾಪಸ್.

ಮುಂದಿನ ಬ್ಯಾಚ್ ಜೂನ್ 2, ಮಂಗಳವಾರ ಶುರು, ಜುಲೈ 3ಕ್ಕೆ ಮುಗಿಯುತ್ತದೆ. 25 ಯೂನಿಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಅಷ್ಟು ಜನರ ಶೀಟು ತಿದ್ದುವುದಕ್ಕೇ ನನ್ನ ಭಾನುವಾರ ಹೋಗುತ್ತದೆ.

ಸೇರುವ ಮುಂಚೆ ಒಂದು ಕೆಲಸ ಮಾಡಿ. ಹೋದ ವಾರ ಮುಗಿಸಿದ ಲಾಟಿನ ಪೀಸ್, ರೇಟು, ಕೂಲಿ, ಎಷ್ಟು ದಿನ ಹಿಡಿಯಿತು, ಎಷ್ಟು ಕಟ್ ಆಯಿತು, ಈ ಐದು ಅಂಕಿ ಒಂದು ಚೀಟಿಯಲ್ಲಿ ಬರೆಯಿರಿ. ಕೆಳಗಿನ "ನನ್ನ ಲಾಟ್ ನೋಡಿ" ಒತ್ತಿ ಚೀಟಿಯ ಫೋಟೋ ಕಳಿಸಿ. ಅಸಲು ರೇಟು ಎಷ್ಟು ಬಿತ್ತು ಅಂತ ಎರಡು ದಿನದಲ್ಲಿ ಲೆಕ್ಕ ಮಾಡಿ ಕಳಿಸುತ್ತೇನೆ, ಅದಕ್ಕೆ ದುಡ್ಡಿಲ್ಲ. ಅದನ್ನು ನೋಡಿಕೊಂಡು ಸೇರುವುದೋ ಬಿಡುವುದೋ ತೀರ್ಮಾನ ಮಾಡಿ.

[ನನ್ನ ಲಾಟ್ ನೋಡಿ] [ಜೂನ್ ಬ್ಯಾಚಿಗೆ ಸೇರುತ್ತೇನೆ]