ಕಲ್ಲಿಗೊಂದು ರೇಟು: ರಾಯಚೂರು, 1520

(ವಿಡಿಯೊ ಸ್ಕ್ರಿಪ್ಟ್, ಶೂಟಿಂಗ್ ಪ್ರತಿ)

ನಿರೂಪಕಿ (ಕೋಟೆಯ ಮುಂದೆ, ಹಿಂದೆ ಆಟೊಗಳ ಓಡಾಟ): ನಮಸ್ಕಾರ. ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಇದೆ, ನೋಡ್ತಾ ಇರಿ. ಹಸಿರು ಅಂದ್ರೆ ಗಟ್ಟಿ ಆಧಾರ ಇದೆ. ಹಳದಿ ಅಂದ್ರೆ ಒಬ್ಬರೇ ಹೇಳಿದ್ದು. ಕೆಂಪು ಬಂತು ಅಂದ್ರೆ ನಾವೇ ಕಟ್ಟಿದ್ದು, ಅದನ್ನ ಇತಿಹಾಸ ಅಂತ ಶೇರ್ ಮಾಡಬೇಡಿ.

[ಹಸಿರು] ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ. ನಡುವೆ ಕೃಷ್ಣೆ ತುಂಗಭದ್ರೆಯರ ಮಧ್ಯದ ದೋಆಬು, ಅಂದ್ರೆ ನಮ್ಮ ಎಡೆದೊರೆ ನಾಡು. ಯುದ್ಧದಲ್ಲಿ ರಾಯ ಗೆದ್ದ.

[ಹಳದಿ] ಆಗ ರಾಯಚೂರು ಯಾರ ಕೈಯಲ್ಲಿತ್ತು? ಇಲ್ಲೇ ತಕರಾರು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಸುಮಾರು ಹದಿನೈದು ವರ್ಷಗಳ ನಂತರ ಬರೆದವನು, ರಾಯನೇ ಬಂದು ಕೋಟೆಗೆ ಮುತ್ತಿಗೆ ಹಾಕಿದ ಅಂತಾನೆ. ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಷ್ತಾ ಬರೆದದ್ದು ಬಹಳ ತಡವಾಗಿ. ಅವನ ಪ್ರಕಾರ ಕೋಟೆ ಮೊದಲೇ ವಿಜಯನಗರದ್ದು, ಅದನ್ನ ವಾಪಸ್ ಪಡೆಯೋಕೆ ಹೊರಟವನು ಇಸ್ಮಾಯಿಲ್. ಹಾಗಾಗಿ ಮುಂದಿನ ದೃಶ್ಯ ಎರಡು ಸಲ ಬರುತ್ತೆ.

ದೃಶ್ಯ 1-ಅ. ಕೃಷ್ಣೆಯ ದಂಡೆ, ಫಿರಿಷ್ತಾ ಹೇಳಿದಂತೆ [ಹಳದಿ, ಮಾತುಗಳು ಕೆಂಪು]

(ಇಸ್ಮಾಯಿಲ್ ಕೈಯಲ್ಲಿ ಬಟ್ಟಲು. ಆನೆ ನಮಗೆ ಸಿಗಲ್ಲ, ನೆರಳು ಮಾತ್ರ ತೋರಿಸಿ.)

ಇಸ್ಮಾಯಿಲ್: ಈಗಲೇ ದಾಟೋಣ.

ಸರದಾರ: ಹುಜೂರ್, ತೆಪ್ಪ ಸಾಲಲ್ಲ. ನಾಳೆ...

ಇಸ್ಮಾಯಿಲ್ (ನಗುತ್ತಾ): ನನ್ನ ಆನೆಗೂ ತೆಪ್ಪ ಬೇಕೇನು?

ದೃಶ್ಯ 1-ಆ. ಅದೇ ಜಾಗ, ನೂನಿಜ್ ಹೇಳಿದಂತೆ [ಹಳದಿ, ಮಾತುಗಳು ಕೆಂಪು]

(ಬಟ್ಟಲಿಲ್ಲ. ಅದೇ ನಟ, ಅದೇ ಬಟ್ಟೆ.)

ಇಸ್ಮಾಯಿಲ್: ಕೋಟೆಯೊಳಗೆ ನಮ್ಮವರಿದ್ದಾರೆ. ಇಲ್ಲೇ ಕೂತ್ರೆ ಅವರ ಗತಿ?

ನಿರೂಪಕಿ: ಒಬ್ಬನೇ ದೊರೆ, ಒಂದರಲ್ಲಿ ಕುಡುಕ, ಇನ್ನೊಂದರಲ್ಲಿ ಲೆಕ್ಕಾಚಾರದವನು. ಕೊನೆಗೆ ಸೋಲು ಮಾತ್ರ ಎರಡರಲ್ಲೂ ಒಂದೇ. ಇನ್ನು ಸೈನ್ಯದ ಗಾತ್ರ: ರಾಯನ ಕಡೆ 7 ಲಕ್ಷಕ್ಕೂ ಜಾಸ್ತಿ ಕಾಲಾಳು, 551 ಆನೆ ಅಂತ ನೂನಿಜ್ ಬರೀತಾನೆ [ಹಳದಿ]. ಬೇಸಿಗೆಯ ರಾಯಚೂರು ನೋಡಿದವರು ಕೇಳಬೇಕಾದ ಪ್ರಶ್ನೆ, ಅಷ್ಟು ಜನಕ್ಕೆ ಕುಡಿಯೋ ನೀರು ಎಲ್ಲಿಂದ ಬಂತು? ನಾನಂತೂ ಆ ಅಂಕಿಯನ್ನ ಬಾಯಿಪಾಠ ಮಾಡಲ್ಲ.

ಆದ್ರೆ ಅವನೇ ಬರೆದ ಇನ್ನೊಂದು ಸಂಗತಿ ನನಗೆ ತುಂಬಾ ನಂಬಿಕೆ ಹುಟ್ಟಿಸುತ್ತೆ. ಕೋಟೆ ಗೋಡೆಗೆ ಗಾರೆಯಿಲ್ಲ, ಬರೀ ಕಲ್ಲು, ಒಳಗೆ ಮಣ್ಣು ತುಂಬಿದ್ದು ಅಂತಾನೆ. (ಕ್ಯಾಮೆರಾ ಕಲ್ಲುಗಳ ಸಂದಿಗೆ ತೀರಾ ಹತ್ತಿರ.) ಈಗಲೂ ಒಳಗೋಡೆ ಮುಟ್ಟಿ ನೋಡಿ, ಕಲ್ಲಿನ ಮೇಲೆ ಕಲ್ಲು, ಗಾರೆ ಕಾಣಲ್ಲ [ಹಸಿರು]. ಅಂಥ ಗೋಡೆ ಕೀಳೋಕೆ ರಾಯನ ದಳಪತಿಗಳು ಒಂದು ಉಪಾಯ ಮಾಡಿದ್ರಂತೆ: ಸೈನಿಕರು ಕಿತ್ತ ಕಲ್ಲನ್ನ ದುಡ್ಡು ಕೊಟ್ಟು ಕೊಂಡರು. ಗಾತ್ರ ನೋಡಿ 10 ರಿಂದ 50 ಪಣದವರೆಗೆ, ಪಣ ಅಂದ್ರೆ ಆಗಿನ ಒಂದು ನಾಣ್ಯ [ಹಳದಿ].

ದೃಶ್ಯ 2. ಗೋಡೆಯ ಬುಡ, ಮಧ್ಯಾಹ್ನ [ಕೆಂಪು: ಈ ಮೂವರೂ ಕಲ್ಪನೆ, ಮಾತು ಈಗಿನ ರಾಯಚೂರು ಕಡೆಯದು]

(ಬಯಲಲ್ಲಿ ಒಟ್ಟಿದ ಕಲ್ಲುಗಳ ಮೇಲೆ ಚಿತ್ರೀಕರಣ. ಕೋಟೆ ಗೋಡೆಗೆ ಯಾರೂ ಹಾರೆ ಮುಟ್ಟಿಸಬಾರದು, ಸುಮ್ನೆ ತಮಾಷೆಗೂ.)

ಹನುಮ (ಹಾರೆಯಿಂದ ಮೀಟುತ್ತಾ): ಈರಾ, ಹಿಡಿಯಲೇ! ಜಾರಾಕತ್ತೈತಿ!

ಈರ: ನೋಡ್ಕೊ, ಕಾಲ ಮ್ಯಾಲ ಬಿದ್ದೀತು!

(ಕಲ್ಲು ಉರುಳುತ್ತದೆ. ಹಿಂದಿನಿಂದ ಮಣ್ಣು ಸುರಿದು ಇಬ್ಬರ ತಲೆ ಮೇಲೆ. ಇಬ್ಬರೂ ಕೆಮ್ಮುತ್ತಾರೆ.)

ಗುಮಾಸ್ತ (ಗೇಣು ಹಾಕಿ ಅಳೆದು): ಇಪ್ಪತ್ತು.

ಹನುಮ: ಇಪ್ಪತ್ತಾ? ಎದುರಿಗೆ ಬಾಣ ಬರಾಕತ್ತಾವ್ರಿ, ಮೂವತ್ತು ಕೊಡ್ರಿ!

ಗುಮಾಸ್ತ: ಬಾಣಕ್ಕ ರೊಕ್ಕ ಇಲ್ಲಪ್ಪ. ಕಲ್ಲಿಗಷ್ಟ.

ಈರ (ಹನುಮನ ಕಿವಿಯಲ್ಲಿ): ಬಲಕ್ಕಿರೋದು ದೊಡ್ಡದು. ಐವತ್ತು ಪಕ್ಕಾ. ನಡಿ!

ನಿರೂಪಕಿ: ಆಮೇಲೆ ಬಂದವನು ಕ್ರಿಸ್ಟೊವಾಂವ್ ದ ಫಿಗೆರೆದೊ, ಕುದುರೆ ಮಾರೋಕೆ ಬಂದ ಪೋರ್ಚುಗೀಸ್. ರಾಯನ ಪರ ನಿಂತ, ಜೊತೆಗೆ ಕೋವಿ ಹಿಡಿದ 20 ಜನ [ಹಳದಿ]. ಇದನ್ನ ಹೇಳ್ತಿರೋ ನೂನಿಜ್ ಕೂಡ ಪೋರ್ಚುಗೀಸನೇ. ಊರಿನವರ ಹೊಗಳಿಕೆಯಲ್ಲಿ ಒಂಚೂರು ಉಪ್ಪು ಖಾರ ಇರುತ್ತೆ, ಅಲ್ವಾ?

ದೃಶ್ಯ 3. ಗೋಡೆಯ ಮೇಲೆ [ಹಳದಿ, ಮಾತು ಕೆಂಪು]

ಕಾವಲುಗಾರ: ಸರದಾರ್, ತಲೆ ತಗ್ಗಿಸಿ!

ಸರದಾರ: ಕೆಳಗೆ ಎಷ್ಟು ಕಿತ್ತಿದ್ದಾರೆ ನೋಡಬೇಡ್ವಾ?

(ಬಗ್ಗುತ್ತಾನೆ. ಸದ್ದು. ಪೇಟ ಮಾತ್ರ ಕೆಳಗೆ ಬೀಳಲಿ, ರಕ್ತ ಬೇಡ.)

ನಿರೂಪಕಿ: ಗುಂಡು ಕೋಟೆ ಕಾಯ್ತಿದ್ದ ಸರದಾರನ ಹಣೆಗೆ ಬಿತ್ತು, ಮರುದಿನ ಊರಿನವರು ಬಾಗಿಲು ತೆರೆದರು ಅಂತ ನೂನಿಜ್ [ಹಳದಿ]. ನನ್ನ ಪ್ರಕಾರ ಆ ಹೊತ್ತಿಗೆ ಕಾಲು ಭಾಗದ ಕೆಲಸ ಹಾರೆಯೇ ಮಾಡಿರಬೇಕು. ಇದು ನನ್ನ ಅಭಿಪ್ರಾಯ, ಅದಕ್ಕೇ ಚುಕ್ಕಿ ಈಗ [ಕೆಂಪು].