ಪರೀಕ್ಷೆಯ ಭಯ: ಹತ್ತನೇ ತರಗತಿ ಮಕ್ಕಳ ಮನೆಯವರಿಗೆ ಒಂದು ಪತ್ರ

ತಿಪಟೂರು
ಫೆಬ್ರವರಿ 9

ಹತ್ತನೇ ತರಗತಿ ಮಕ್ಕಳ ತಂದೆ ತಾಯಂದಿರಿಗೆ, ಮನೆಯ ಹಿರಿಯರಿಗೆ ನಮಸ್ಕಾರ.

ಪ್ರಿಪರೇಟರಿ ಪರೀಕ್ಷೆಯ ಮಾರ್ಕ್ಸ್ ಈ ವಾರ ಮನೆಗೆ ಬಂದಿದೆ. ಕೆಲವು ಮನೆಗಳಲ್ಲಿ ಬೈಗುಳ ಆಗಿದೆ, ಕೆಲವು ಕಡೆ ಅಳು ಆಗಿದೆ ಎಂದು ಮಕ್ಕಳಿಂದಲೇ ಕೇಳಿದೆ. ಅದಕ್ಕೇ ಈ ಪತ್ರ.

ಪ್ರಿಪರೇಟರಿ ನಡೆಯುವಾಗ, ಶಾಲೆಯ ಆಪ್ತ ಸಮಾಲೋಚಕಿಯಾದ ನನ್ನ ಕೋಣೆಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಓದದೇ ಬಂದವರಲ್ಲ. ಚೆನ್ನಾಗಿ ಓದಿದವರು. "ಮಿಸ್, ರಾತ್ರಿ ಥೇಲ್ಸ್ ಪ್ರಮೇಯ ಪೂರ್ತಿ ಬರೆದಿದ್ದೆ. ಬೆಳಿಗ್ಗೆ ಪೇಪರ್ ನೋಡಿದ ತಕ್ಷಣ ಏನೂ ನೆನಪಾಗ್ಲಿಲ್ಲ" ಅನ್ನುತ್ತಾರೆ. ಮನೆಯಲ್ಲಿ ಇದನ್ನೇ ಹೇಳಿದರೆ "ಸರಿಯಾಗಿ ಓದಿದ್ರೆ ಯಾಕೆ ಮರೆತುಹೋಗುತ್ತೆ?" ಎಂಬ ಮಾತು ಬರುತ್ತದೆ. ಸರಿಯಾಗಿ ಓದಿದ್ದರೂ ಮರೆತುಹೋಗುತ್ತದೆ. ಅದು ನೆಪವಲ್ಲ.

ಅಪಾಯ ಬಂತು ಅನ್ನಿಸಿದಾಗ ನಮ್ಮ ಮೈ ಓಡುವುದಕ್ಕೋ ಹೊಡೆದಾಡುವುದಕ್ಕೋ ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ. ಹಾವು ಎದುರಾದರೆ ಇದೆಲ್ಲ ಬೇಕು. ಪ್ರಶ್ನೆಪತ್ರಿಕೆ ಎದುರಾದಾಗ ಇದರಿಂದ ತೊಂದರೆಯೇ ಜಾಸ್ತಿ. ಲೆಕ್ಕ ಮಾಡುವಾಗ ಮನಸ್ಸು ಒಂದು ಚಿಕ್ಕ ಸ್ಲೇಟಿನ ಹಾಗೆ ಕೆಲಸ ಮಾಡುತ್ತದೆ. ಸೂತ್ರ, ಕೊಟ್ಟ ಸಂಖ್ಯೆಗಳು, ಮುಂದಿನ ಹೆಜ್ಜೆ ಎಲ್ಲ ಒಟ್ಟಿಗೆ ಅದರಲ್ಲೇ ಹಿಡಿಸಬೇಕು. "ಫೇಲ್ ಆದ್ರೆ? ಅಪ್ಪ ಏನಂತಾರೆ?" ಎಂಬ ಯೋಚನೆ ಅರ್ಧ ಜಾಗ ತಿಂದರೆ ಲೆಕ್ಕಕ್ಕೆ ಜಾಗವೆಲ್ಲಿ? ಕಲಿತದ್ದು ತಲೆಯಲ್ಲೇ ಇರುತ್ತದೆ, ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಗಂಟೆ ಹೊಡೆದು ಹೊರಗೆ ಬಂದ ಮೇಲೆ ಎಲ್ಲ ನೆನಪಾಗುವುದು ಇದಕ್ಕೇ.

ಸ್ವಲ್ಪ ದಿಗಿಲು ಒಳ್ಳೆಯದೇ. ಅದಿಲ್ಲದಿದ್ದರೆ ಯಾರೂ ಪುಸ್ತಕ ಮುಟ್ಟುವುದಿಲ್ಲ. ಅತಿಯಾದಾಗ ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಪರೀಕ್ಷೆಯ ದಿನವೇ ವಾಂತಿ, ಭೇದಿ. ಒಂದೇ ಪುಟ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಕೂರುವುದು. ತಂಗಿಯ ಮೇಲೆ ಸುಮ್ನೆ ರೇಗುವುದು. ನೀವು ಕೇಳಿದಾಗಲೆಲ್ಲ "ಎಲ್ಲ ಆಗಿದೆ" ಎಂದು ಮಾತು ಮುಗಿಸುವುದು. ಕಷ್ಟದ ವಿಷಯವನ್ನು ದಿನವೂ ನಾಳೆಗೆ ತಳ್ಳುವುದೂ ಹಲವು ಸಲ ಭಯವೇ. ನಮ್ಮ ಕಣ್ಣಿಗೆ ಮಾತ್ರ ಸೋಮಾರಿತನ ಕಾಣುತ್ತದೆ. ಹೀಗೆ ತಳ್ಳಿದಾಗ ಆ ಹೊತ್ತಿಗೆ ಹಾಯಾಗುತ್ತದೆ, ಆದರೆ ಭಯ ಇನ್ನಷ್ಟು ಬಲಿಯುತ್ತದೆ. ಅದಕ್ಕೆ, ಹೊಟ್ಟೆನೋವು ಅಂದ ಮಗುವನ್ನು ಬೈಯಲೂ ಬೇಡಿ, ತಕ್ಷಣ ರಜೆ ಹಾಕಿಸಲೂ ಬೇಡಿ. ನೋವು ನಿಜ ಎಂದು ಒಪ್ಪಿ, ಬಿಸಿನೀರು ಕೊಟ್ಟು, ಜೊತೆಗೆ ಶಾಲೆಯವರೆಗೆ ಬನ್ನಿ. ಪದೇ ಪದೇ ಹೀಗಾದರೆ ಒಮ್ಮೆ ಡಾಕ್ಟರಿಗೂ ತೋರಿಸಿ.

"ಹೆದರಬೇಡ" ಎಂಬ ಮಾತಿನಿಂದ ಯಾರ ಹೆದರಿಕೆಯೂ ಹೋಗುವುದಿಲ್ಲ. "ಯಾವ ಪಾಠ ನೆನೆಸಿಕೊಂಡರೆ ಜಾಸ್ತಿ ಭಯ?" ಎಂದು ಕೇಳಿ. ಉತ್ತರ ಬಂದ ಕೂಡಲೇ ಬುದ್ಧಿವಾದಕ್ಕೆ ಇಳಿಯಬೇಡಿ. ಬಹಳಷ್ಟು ಸಲ ಭಯ ಇಡೀ ಗಣಿತದ್ದಲ್ಲ, ತ್ರಿಕೋನಮಿತಿಯದ್ದು ಮಾತ್ರ. ಅಷ್ಟು ಗೊತ್ತಾದರೆ ಮೇಷ್ಟ್ರ ಹತ್ತಿರ ಕಳಿಸಬಹುದು.

ಪರೀಕ್ಷಾ ಹಾಲನ್ನು ಮನೆಯಲ್ಲೇ ರೂಢಿ ಮಾಡಿಸುವುದು ನನ್ನ ಅನುಭವದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಒಂದೆರಡು ಸಲ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಪುಸ್ತಕ ಮುಚ್ಚಿಸಿ, ಗಡಿಯಾರ ಇಟ್ಟು ಬರೆಸಿ. ಮೊದಲ 15 ನಿಮಿಷ ಬರೀ ಓದಲಿ, ಬೋರ್ಡ್ ಪರೀಕ್ಷೆಯಲ್ಲೂ ಪ್ರಶ್ನೆಪತ್ರಿಕೆ ಓದಲು ಅಷ್ಟು ಸಮಯ ಕೊಡುತ್ತಾರೆ. ಬರುವ ಪ್ರಶ್ನೆಗೆ ಗುರುತು ಹಾಕಿಕೊಂಡು ಅದರಿಂದಲೇ ಶುರುಮಾಡಲಿ. ಓದಿದ್ದನ್ನೇ ಹತ್ತು ಸಲ ಓದುವುದಕ್ಕಿಂತ, ನೋಡದೆ ಬರೆದು ತಪ್ಪು ಹುಡುಕಿದರೆ ಹೆಚ್ಚು ನೆನಪಿರುತ್ತದೆ. ನೀವು ಓದಿಲ್ಲದಿದ್ದರೂ ಪರವಾಗಿಲ್ಲ. ಗಡಿಯಾರ ನೋಡಿ "ಇನ್ನು ಅರ್ಧ ಗಂಟೆ" ಅಂದರೆ ಸಾಕು. ದಯವಿಟ್ಟು ಮಾರ್ಕ್ಸ್ ಮಾತ್ರ ಹಾಕಬೇಡಿ.

ಉಸಿರಾಟವನ್ನೂ ಆಗಲೇ ರೂಢಿ ಮಾಡಿಸಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ. ಎರಡು ಮೂರು ನಿಮಿಷ ಸಾಕು. ಮೊದಲ ಸಲ ಪರೀಕ್ಷಾ ಹಾಲಿನಲ್ಲೇ ಪ್ರಯತ್ನಿಸಿದರೆ ಅದು ಕೈಹಿಡಿಯುವುದಿಲ್ಲ.

ನಿದ್ದೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಈ ವಯಸ್ಸಿನವರಿಗೆ ಕನಿಷ್ಠ 8 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಕಾಫಿ ಕುಡಿಸಿ ಒಂದು ಗಂಟೆಯವರೆಗೆ ಕೂರಿಸಿ, ಮತ್ತೆ ನಾಲ್ಕಕ್ಕೆ ಎಬ್ಬಿಸುವುದು ಲಾಭದ ವ್ಯಾಪಾರವಲ್ಲ. ಫೋನು ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿ.

ಪರೀಕ್ಷೆಯ ಬೆಳಿಗ್ಗೆ ಹೊಸ ತಿಂಡಿ ಬೇಡ. ದಿನವೂ ತಿನ್ನುವ ಇಡ್ಲಿಯೋ ಚಿತ್ರಾನ್ನವೋ ಸಾಕು. ಹಾಲ್ ಟಿಕೆಟ್ ದೇವರ ಮುಂದಿಟ್ಟು ಕೈಮುಗಿದರೆ ಎಷ್ಟೋ ಮಕ್ಕಳಿಗೆ ಧೈರ್ಯ ಬರುತ್ತದೆ, ಖಂಡಿತ ಮಾಡಿ. ಆದರೆ "ನಿನಗೋಸ್ಕರ ಹರಕೆ ಹೊತ್ತಿದ್ದೀನಿ, ಮರ್ಯಾದೆ ಉಳಿಸು" ಎಂದು ಮಗುವಿನ ಕಿವಿಗೆ ಹಾಕಬೇಡಿ. ಹರಕೆ ನಿಮ್ಮ ಮತ್ತು ದೇವರ ನಡುವೆ ಇರಲಿ.

ಪರೀಕ್ಷೆ ಮುಗಿಸಿ ಬಂದವರನ್ನು ಬಾಗಿಲಲ್ಲೇ "ಎಷ್ಟು ಬರಬಹುದು?" ಎಂದು ನಿಲ್ಲಿಸಬೇಡಿ. ಮೊದಲು ಊಟ. ಕೀ ಆನ್ಸರ್ ಹಿಡಿದು ಒಂದೊಂದೇ ಪ್ರಶ್ನೆ ತಾಳೆ ನೋಡುವ ಕೆಲಸ ಎಲ್ಲ ವಿಷಯ ಮುಗಿದ ಮೇಲೆ ಆಗಲಿ. ಮುಗಿದ ಪೇಪರಿನ ಕೊರಗು ನಾಳೆಯ ಪೇಪರನ್ನು ಕೆಡಿಸುತ್ತದೆ. ನೆಂಟರು ಫೋನ್ ಮಾಡಿ ವಿಚಾರಿಸಿದರೆ ನೀವೇ ಉತ್ತರ ಕೊಟ್ಟು ಮುಗಿಸಿ. ದೊಡ್ಡಪ್ಪನ ಮಗಳು 600 ತೆಗೆದ ಕಥೆ ಮಗುವಿಗೆ ಬಾಯಿಪಾಠ ಬರುತ್ತದೆ, ಮತ್ತೆ ಹೇಳುವುದು ಬೇಡ, ಅಲ್ವಾ?

ಒಂದು ವಿಷಯ ಮಕ್ಕಳಿಗೂ ಗೊತ್ತಿರಲಿ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಒಂದರಲ್ಲಿ ಕಡಿಮೆ ಬಂದರೆ ಮತ್ತೆ ಬರೆಯಬಹುದು, ಉತ್ತಮವಾದ ಅಂಕ ಉಳಿಯುತ್ತದೆ. ಸಲೀಸಾಗಿ ತೆಗೆದುಕೊಳ್ಳಲಿ ಎಂದು ಇದನ್ನು ಹೇಳುತ್ತಿಲ್ಲ. ಒಂದು ಪೇಪರ್ ಕೆಟ್ಟರೆ ಜೀವನವೇ ಮುಗಿಯಿತು ಎಂದುಕೊಳ್ಳುವ ಮಗುವಿಗೆ ಇದು ಗೊತ್ತಿರಬೇಕು.

ಮಗು ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಯಾರ ಜೊತೆಗೂ ಸೇರದಿದ್ದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. "ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ" ಎಂಬಂಥ ಮಾತು ಬಂದರೆ ಅದನ್ನು ನಾಟಕ ಅನ್ನಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಕ್ಕಳೇ ಫೋನ್ ಮಾಡಬಹುದು. ಅಪಾಯ ಕಂಡರೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಫಲಿತಾಂಶದ ದಿನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅವತ್ತು ಮನೆಯಲ್ಲಿ ಯಾರಾದರೂ ದೊಡ್ಡವರು ಇರಿ.

ಮಗು ನನ್ನ ಹತ್ತಿರ ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಜೀವಕ್ಕೆ ಅಪಾಯ ಎನ್ನಿಸಿದರೆ ಮಾತ್ರ ನಿಮಗೆ ತಿಳಿಸುತ್ತೇನೆ, ಇದನ್ನು ಮಕ್ಕಳಿಗೂ ಮೊದಲೇ ಹೇಳಿದ್ದೇನೆ. ನನ್ನನ್ನು ಕಂಡರೆ "ತಲೆ ಸರಿಯಿಲ್ಲ" ಎಂದರ್ಥವಲ್ಲ.

ಬರುವ ಶನಿವಾರ ಮಧ್ಯಾಹ್ನ 2ರಿಂದ 4:30ರವರೆಗೆ ಲೈಬ್ರರಿ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಮೊದಲೇ ಸಮಯ ಕೇಳಬೇಕಿಲ್ಲ. ಕೆಲಸ ಬಿಟ್ಟು ಬರಲಾಗದವರು ಆಫೀಸಿನಲ್ಲಿ ಹೆಸರು, ನಂಬರ್ ಬರೆಸಿ, ಸಂಜೆ ನಾನೇ ಫೋನ್ ಮಾಡುತ್ತೇನೆ. ಅಮ್ಮಂದಿರನ್ನು ಮಾತ್ರ ಕಳಿಸದೆ ಅಪ್ಪಂದಿರೂ ಬನ್ನಿ.

ಇಂತಿ,
ಸುಮಾ (ಮಕ್ಕಳಿಗೆ ಸುಮಾ ಮಿಸ್)
ಶಾಲಾ ಆಪ್ತ ಸಮಾಲೋಚಕಿ