ಅರವತ್ತೇಳನೇ ಸುತ್ತು

ರಾತ್ರಿ ಒಂಬತ್ತಕ್ಕೆ ರನ್ ಹಚ್ಚಿದ್ದೆ. ಹಾಸ್ಟೆಲ್‌ನಿಂದಾನೇ ಲ್ಯಾಬ್ ಮಷೀನ್‌ಗೆ ಲಾಗಿನ್ ಆಗಿ. ಒಂದು ಸುತ್ತಿಗೆ ಆರು ನಿಮಿಷ, ಹೋದ ವಾರದ ಹಾಗೇ ಆದ್ರೆ ಹತ್ತೂವರೆಯೊಳಗೆ ಮುಗೀಬೇಕು, ಬೆಳಿಗ್ಗೆ ಹತ್ತಕ್ಕೆ ಗೈಡ್‌ಗೆ ತೋರಿಸಬೇಕು.

ಕೆಲಸ ಏನಂದ್ರೆ, ಹಳೇ ಕೆರೆ ಅಂಗಳದ ಮೆತ್ತನೆ ಜೇಡಿಮಣ್ಣಿನ ಮೇಲೆ ನಾಲ್ಕು ಅಂತಸ್ತಿನ ಕಟ್ಟಡ, ಹದಿನಾರು ಕಾಲಮ್ಮು. ಎರಡು ಪ್ರೋಗ್ರಾಮ್. ಫ್ರೇಮ್‌ದು ಪ್ರತಿ ಕಾಲಮ್ ಮೇಲೆ ಎಷ್ಟು ಭಾರ ಬರುತ್ತೆ ಅಂತ ಹೇಳುತ್ತೆ, ಮಣ್ಣಿಂದು ಆ ಭಾರಕ್ಕೆ ಪಾಯ ಎಷ್ಟು ಇಳಿಯುತ್ತೆ ಅಂತ ಹೇಳುತ್ತೆ, ಆ ಇಳಿತ ಮತ್ತೆ ಫ್ರೇಮ್‌ಗೆ ಹೋಗುತ್ತೆ, ಯಾಕಂದ್ರೆ ಪಾಯ ಒಂದೊಂದು ಕಡೆ ಒಂದೊಂದು ಥರ ಇಳಿದ್ರೆ ಭಾರ ಹಂಚಿಕೆನೂ ಬದಲಾಗುತ್ತೆ. ಹೀಗೆ ಸುತ್ತಿ ಸುತ್ತಿ ಎರಡು ಸುತ್ತಿನ ನಡುವಿನ ವ್ಯತ್ಯಾಸ 0.01 ಮಿಲಿಮೀಟರ್‌ಗಿಂತ ಕಮ್ಮಿ ಆದಾಗ ನಿಲ್ಲಬೇಕು.

ಊಟ ಮುಗಿಸಿ ಬಂದು ನೋಡಿದಾಗ ಚೆನ್ನಾಗೇ ಇತ್ತು. 8 ಮಿಲಿಮೀಟರ್‌ನಿಂದ ಶುರುವಾಗಿ ಎಂಟನೇ ಸುತ್ತಿಗೆ 0.21. ಅಮ್ಮ ಫೋನ್ ಮಾಡಿದ್ರು, "ಇನ್ನೂ ಕೂತಿದ್ಯಾ, ಮಲ್ಕೊಳೇ" ಅಂದ್ರು, ಇನ್ನೇನು ಆಯ್ತಮ್ಮ ಅಂದೆ. ಹನ್ನೊಂದಕ್ಕೆ ನೋಡಿದ್ರೆ 0.42.

ಒಂದೆರಡು ಸುತ್ತು ಹಾಗೇ ಇರುತ್ತೆ, ಆಮೇಲೆ ಇಳಿಯುತ್ತೆ ಅನ್ಕೊಂಡೆ. ಇಳೀಲಿಲ್ಲ. ಹನ್ನೆರಡಕ್ಕೂ ಏರ್ತಾನೇ ಇತ್ತು. ಕೋಡ್ ತೆಗೆದು ಯೂನಿಟ್ ನೋಡಿದೆ, ಕಾಲಮ್ ನಂಬರ್ ಅದಲು ಬದಲಾಗಿದ್ಯಾ ನೋಡಿದೆ, ಫೈಲ್ ಓದೋ ಕಡೆ ಸೈನ್ ತಪ್ಪಿದ್ಯಾ ಅಂತ ಎರಡು ಸಲ ನೋಡಿದೆ. ಏನೂ ಸಿಗಲಿಲ್ಲ. ಇದೇ ಕೋಡ್ ಹೋದ ವಾರ ಇದೇ ಮಣ್ಣಿಗೆ ನಿಂತಿತ್ತು ಅನ್ನೋದೇ ಹೊಟ್ಟೆ ಉರಿಸ್ತಿತ್ತು. ಈ ಸಲ ಬದಲಾಗಿದ್ದು ಒಂದೇ, ಗೈಡ್ ಹೇಳಿದ್ರು ಅಂತ ಫ್ರೇಮ್‌ಗೆ ಎರಡು ಶಿಯರ್ ವಾಲ್ ಸೇರಿಸಿದ್ದೆ. ಗೋಡೆ ಸೇರಿಸಿದ್ರೆ ಕಟ್ಟಡ ಗಟ್ಟಿಯಾಗುತ್ತೆ, ಲೆಕ್ಕ ಯಾಕೆ ಕೆಡಬೇಕು?

ಒಂದು ಗಂಟೆ ದಾಟಿತ್ತು, ನಡುವಿನ ಕಾಲಮ್‌ನ ಬದಲಾವಣೆ ಹೀಗೆ ಬರ್ತಿತ್ತು:

```
40   +1.36
41   -1.44
42   +1.53
43   -1.62
```

ನಮ್ಮ ರೂಮ್‌ಮೇಟ್ ಎಂಎಸ್ಸಿ ಮ್ಯಾಥ್ಸು. ನೀರು ಕುಡಿಯೋಕೆ ಎದ್ದವಳು ಹೆಗಲ ಮೇಲಿಂದ ಬಗ್ಗಿ ಸ್ಕ್ರೀನ್ ನೋಡಿ, "ಎಷ್ಟು ಜಾಸ್ತಿ ಆಗ್ತಿದೆ ಅಂತ ನೋಡ್ಬೇಡ ಕಣೆ, ಎಷ್ಟು ಪಟ್ಟು ಅಂತ ನೋಡು" ಅಂದು ಹೋಗಿ ಮಲಗಿಬಿಟ್ಟಳು. ಅಷ್ಟೇ ಹೇಳಿದ್ದು.

ಭಾಗಿಸಿದೆ. 1.44 ಭಾಗ 1.36, 1.06. ಮುಂದಿಂದು 1.06. ಅದರ ಮುಂದಿಂದೂ 1.06. ಹಿಂದಕ್ಕೆ ಹೋಗಿ ಇಪ್ಪತ್ತನೇ ಸುತ್ತಿಂದ ಭಾಗಿಸ್ತಾ ಬಂದೆ, ಎಲ್ಲ ಕಡೆ ಮೈನಸ್ 1.06. ಕೋಡಲ್ಲಿ ತಪ್ಪಿದ್ರೆ ಇಷ್ಟು ಶಿಸ್ತಾಗಿ ತಪ್ಪೋಕೆ ಸಾಧ್ಯಾನೇ ಇಲ್ಲ ಅನ್ನಿಸ್ತು. ಹದಿನಾರೂ ಕಾಲಮ್‌ನ ಬದಲಾವಣೆ ತಗೊಂಡು, ಅದರಲ್ಲಿ ದೊಡ್ಡದರಿಂದ ಎಲ್ಲವನ್ನೂ ಭಾಗಿಸಿ, ನಲವತ್ತನೇ ಸುತ್ತಿಂದೂ ನಲವತ್ತೊಂದನೇದೂ ಪಕ್ಕಪಕ್ಕ ಇಟ್ಟೆ. ಎರಡರದ್ದೂ ಒಂದೇ ಆಕಾರ. ನಡುವಿನ ನಾಲ್ಕು ಕಾಲಮ್ ಒಂದು ಕಡೆ, ಅಂಚಿನವು ಇನ್ನೊಂದು ಕಡೆ, ತಟ್ಟೆ ಥರ, ಮುಂದಿನ ಸುತ್ತಲ್ಲಿ ಅದೇ ತಟ್ಟೆ ಬೋರಲು.

ಮ್ಯಾಟ್ರಿಕ್ಸಿಂದ ಗುಣಿಸಿದ್ರೂ ಆಕಾರ ಬದಲಾಗದೆ ಬರೀ ಅಳತೆ ಬದಲಾಗೋ ವೆಕ್ಟರ್ರು. ಐಗನ್‌ವೆಕ್ಟರ್! ಇಡೀ ರಾತ್ರಿ ಕಂಪ್ಯೂಟರ್ ನನಗೆ ಅದನ್ನೇ ಪ್ರಿಂಟ್ ಮಾಡಿ ತೋರಿಸ್ತಿತ್ತು.

ನೋಟ್ ಪುಸ್ತಕ ತೆಗೆದು ಬರೆದೆ. ಮಣ್ಣು ಲೀನಿಯರ್ ಅಂತ ತಗೊಂಡಿದ್ದೆ, ಸೋ ಇಳಿತ ಅಂದ್ರೆ ಮಣ್ಣಿನ ಮೆತ್ತನೆತನ `F` ಗುಣಿಸು ಭಾರ. ಭಾರ ಅಂದ್ರೆ ಮೊದಲಿನ ಭಾರ `P0` ಕಳೆ ಫ್ರೇಮ್‌ನ ಬಿಗಿ `K` ಗುಣಿಸು ಇಳಿತ. ಎರಡನ್ನೂ ಸೇರಿಸಿದ್ರೆ,

```
s_new = F*P0 - F*K*s
```

ನಿಜವಾದ ಉತ್ತರಕ್ಕೂ ನನ್ನ ಹತ್ರ ಇರೋದಕ್ಕೂ ಇರೋ ಅಂತರ ಪ್ರತಿ ಸುತ್ತಲ್ಲೂ `-FK` ಇಂದ ಗುಣಿಸ್ಕೊಳ್ಳುತ್ತೆ, `P0` ಗೆ ಅದರಲ್ಲಿ ಪಾತ್ರಾನೇ ಇಲ್ಲ. ಆ ಅಂತರವನ್ನ ಐಗನ್‌ವೆಕ್ಟರ್‌ಗಳಾಗಿ ಬಿಡಿಸಿದ್ರೆ ಪ್ರತಿಯೊಂದೂ ತನ್ನ ಐಗನ್‌ವ್ಯಾಲ್ಯೂ ಪಟ್ಟು ಆಗ್ತಾ ಹೋಗುತ್ತೆ. ಸೈನ್ ಬಿಟ್ಟು ನೋಡಿದಾಗ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ ಸ್ಪೆಕ್ಟ್ರಲ್ ರೇಡಿಯಸ್. ಅದು ಒಂದಕ್ಕಿಂತ ಕಮ್ಮಿ ಇದ್ರೆ ಎಲ್ಲಿಂದ ಶುರು ಮಾಡಿದ್ರೂ ನಿಲ್ಲುತ್ತೆ. ನನ್ನದು 1.06. ಈ ಸಾಲನ್ನ ಪರೀಕ್ಷೆಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ ನಾನು, ಆದ್ರೆ ಅದು ನಿಜವಾಗ್ಲೂ ನಡೆಯೋದನ್ನ ನೋಡಿದ್ದು ಅವತ್ತೇ.

ಮೊದಲು ಯಾಕೆ ಇಳೀತು ಅನ್ನೋದೂ ಆಗ ಗೊತ್ತಾಯ್ತು. ಶುರುವಲ್ಲಿದ್ದ 8 ಮಿಲಿಮೀಟರಲ್ಲಿ ಹೆಚ್ಚಿನ ಪಾಲು ಬೇರೆ ಆಕಾರಗಳದ್ದು, ಅವುಗಳ ಐಗನ್‌ವ್ಯಾಲ್ಯೂ ಚಿಕ್ಕದು, ಎಂಟು ಸುತ್ತಲ್ಲಿ ಕರಗಿಹೋದ್ವು. ತಟ್ಟೆ ಆಕಾರದ್ದು ಅವುಗಳ ಅಡಿಯಲ್ಲಿ ಸಣ್ಣದಾಗಿ ಇದ್ದೇ ಇತ್ತು, ಅವು ಹೋದ ಮೇಲೆ ಕಾಣಿಸ್ತು. ಸುತ್ತಿಗೆ ನೂರಕ್ಕೆ ಆರರಷ್ಟು, ಹನ್ನೆರಡು ಸುತ್ತಿಗೆ ಡಬಲ್ಲು, ಅಂದ್ರೆ ಒಂದು ಗಂಟೆ ಹನ್ನೆರಡು ನಿಮಿಷಕ್ಕೊಂದು ಸಲ.

ಗೋಡೆ ಮಾಡಿದ್ದೂ ಇದನ್ನೇ. `F` ಹೋದ ವಾರದ್ದೇ, `K` ದೊಡ್ಡದಾಯ್ತು. ನಡುವೆ ಹೆಚ್ಚು ಇಳೀತು ಅಂತ ಕೇಳಿದ ತಕ್ಷಣ ಬಿಗಿಯಾದ ಫ್ರೇಮ್ ನಡುವಿನ ಭಾರವನ್ನ ಅಂಚಿಗೆ ತಳ್ಳುತ್ತೆ, ಮೆತ್ತನೆ ಮಣ್ಣು ಅಂಚಲ್ಲಿ ಸಿಕ್ಕಾಪಟ್ಟೆ ಇಳಿಯುತ್ತೆ, ಅದನ್ನ ಕೇಳಿ ಫ್ರೇಮ್ ಇನ್ನೂ ಜಾಸ್ತಿ ಭಾರವನ್ನ ನಡುವಿಗೆ ತಳ್ಳುತ್ತೆ. ನಿಜವಾದ ಕಟ್ಟಡದಲ್ಲಿ ಇದು ಆಗಲ್ಲ, ಅಲ್ಲಿ ಮಣ್ಣು ಫ್ರೇಮು ಎರಡೂ ಒಟ್ಟಿಗೇ ಹೊಂದ್ಕೊಳ್ಳುತ್ವೆ. ಒಬ್ಬರಾದ ಮೇಲೆ ಒಬ್ಬರು ಮಾತಾಡ್ಬೇಕು ಅಂತ ಸರದಿ ಹಾಕಿದ್ದು ನಾನು.

ಪೂರ್ತಿ ಒಪ್ಪಿಕೊಳ್ಳೋ ಬದಲು ಹೊಸದನ್ನ ಸ್ವಲ್ಪ, ಹಳೇದನ್ನ ಸ್ವಲ್ಪ ಬೆರೆಸಿದ್ರೆ? ಬೆರಕೆ `w` ಆದ್ರೆ ಒಂದೊಂದು ಆಕಾರದ ಪಟ್ಟು `1 - w*(1 + m)`, ಇಲ್ಲಿ `m` ಅಂದ್ರೆ `FK` ಐಗನ್‌ವ್ಯಾಲ್ಯೂ, ಸೊನ್ನೆಯಿಂದ 1.06 ವರೆಗೆ. ಅರ್ಧ ಅರ್ಧ ಹಾಕಿದ್ರೆ ತಟ್ಟೆ ಹೆಚ್ಚುಕಮ್ಮಿ ಮಾಯಾನೇ ಆಗುತ್ತೆ, ಆದ್ರೆ `m` ಸೊನ್ನೆ ಇರೋ ಆಕಾರ 0.5 ರಲ್ಲಿ ನಿಂತ್ಕೊಳ್ಳುತ್ತೆ. ಎರಡು ತುದಿನೂ ಸಮ ಮಾಡಿದ್ರೆ `w = 2/3.06`, ಸುಮಾರು 0.65. ಆಗ ಒಂದು ತುದಿಗೆ 0.35, ಇನ್ನೊಂದಕ್ಕೆ ಮೈನಸ್ 0.34.

ಹಳೇ ರನ್ ನಿಲ್ಲಿಸಿದಾಗ ಮೂರು ನಲವತ್ತೆರಡು, ಅರವತ್ತೇಳನೇ ಸುತ್ತು, 6.5 ಮಿಲಿಮೀಟರ್. ಬದಲಾಯಿಸಿದ್ದು ಒಂದೇ ಸಾಲು:

```
s = 0.65*s_new + 0.35*s
```

ಮತ್ತೆ ಮೊದಲಿಂದ ಹಚ್ಚಿದೆ. ಮೊದಲ ಸುತ್ತಿಗೆ 5.2. ಆಮೇಲೆ ಪ್ರತಿ ಆರು ನಿಮಿಷಕ್ಕೂ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಆಗ್ತಾ ಬಂತು, ನಾನು ಕುರ್ಚಿಯಿಂದ ಏಳಲೇ ಇಲ್ಲ. ಏಳನೇ ಸುತ್ತಿಗೆ 0.0096, ನಿಂತಿತು. ಹೊರಗಡೆ ಹಾಲಿನ ಗಾಡಿ ಬಂದ ಸದ್ದು.

"ನಿಂತ್ಕೊಂತಾ?" ರೂಮ್‌ಮೇಟ್ ಮುಸುಕಿನೊಳಗಿಂದಾನೇ ಕೇಳಿದಳು.

"ಹೂಂ ಕಣೆ, ಮೈನಸ್ 1.06 ಇತ್ತು."

"ಮೈನಸ್ಸಾ? ಹಂಗಾದ್ರೆ ಪುಣ್ಯ ಮಾಡಿದ್ದೆ ಬಿಡು. ಪ್ಲಸ್ ಆಗಿದ್ರೆ ಬೆರೆಸಿದ್ರೂ ಒಂದರ ಕೆಳಗೆ ಬರ್ತಿರಲಿಲ್ಲ."

ಕಾಗದದ ಮೇಲೆ ಹಾಕಿ ನೋಡಿದೆ, ಹೌದು, ಬರ್ತಿರಲಿಲ್ಲ. ಆಮೇಲೆ ನಿದ್ದೆ ಹತ್ತಲಿಲ್ಲ. ಹೋದ ವಾರದ, ಗೋಡೆ ಇಲ್ಲದ ಫ್ರೇಮ್‌ನ ಲಾಗ್ ತೆಗೆದೆ. ಆವಾಗ ಬೇಗ ನಿಂತಿತ್ತು ಅಂತ ಒಳಗೆ ನೋಡೋಕೂ ಹೋಗಿರಲಿಲ್ಲ. ಕೊನೇ ನಾಲ್ಕು ಸಾಲು ಭಾಗಿಸಿದೆ. ಪ್ಲಸ್, ಮೈನಸ್, ಪ್ಲಸ್, ಮೈನಸ್, ಅದೇ ತಟ್ಟೆ, ಸುತ್ತಿಗೆ 0.31.